ಒಂದಕ್ಕೆ ಮೂರು ನೀರು

ಬೆಟಗೇರಿಯ ಮಹಿಳಾ ಮಂಡಳದ ಅಡುಗೆಮನೆಯಲ್ಲಿ ಮರಿಯವ್ವನ ನಾಲಿಗೆ ಹೇಳಿದ್ದೇ ಕಾಯಿದೆ. ಗಜ್ಜರಿ, ಹುರುಳಿಕಾಯಿ, ಸಣ್ಣ ಉಳ್ಳಾಗಡ್ಡಿಗಳನ್ನು ಸಿರ್ಕಾದ, ಅಂದರೆ ವಿನೆಗರಿನ, ಹುಳಿನೀರಿನಲ್ಲಿ ಹಾಕಿ ಗಾಜಿನ ಭರಣಿಗಳಲ್ಲಿ ಬಿಗಿದು ಮಾರುವುದು ಆ ಮಂಡಳದ ಕಸುಬು. ಹುಳಿನೀರು ಭರಣಿಗೆ ಬೀಳುವ ಮೊದಲು ಮರಿಯವ್ವ ಚಮಚದ ತುದಿಯಿಂದ ಒಂದು ಹನಿ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, "ಹೂಂ" ಎನ್ನಬೇಕು. ಆ ಹೂಂ ಬರುವವರೆಗೆ ಯಾರೂ ಸೌಟು ಮುಟ್ಟುವಂತಿರಲಿಲ್ಲ. ಮಂಡಳ ಕಟ್ಟಿದ ಶಾರದವ್ವ ಹತ್ತಿ ವ್ಯಾಪಾರದ ದೊಡ್ಡ ಮನೆತನದವಳು, ಗಂಡಸರನ್ನೇ ಗದರಿಸುವವಳು. ಅವಳೂ ಆ ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಮರಿಯವ್ವನಿಗೆ ಅದರಲ್ಲಿ ಒಳಗೊಳಗೇ ಖುಷಿಯಿತ್ತು. ಯಾರಿಗೆ ಇರುವುದಿಲ್ಲ, ಹೇಳಿ?

ಈ ವಿದ್ಯೆಯನ್ನು ಅವಳು ಕಲಿತದ್ದು ಮಿಷನ್ ಬಂಗಲೆಯ ಮಿಸ್ಸಮ್ಮನಿಂದ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಮಿಸ್ಸಮ್ಮ ಹಡಗು ಹತ್ತಿ ತನ್ನೂರಿಗೆ ಹೋದಳು. ಹೋಗುವಾಗ ಕಲ್ಲಿನ ಜಾಡಿಗಳೆರಡನ್ನೂ ಒಂದು ಎಚ್ಚರಿಕೆಯನ್ನೂ ಬಿಟ್ಟುಹೋದಳು. ಪುಸ್ತಕದ ಕನ್ನಡದಲ್ಲಿ, ಒಂದೊಂದೇ ಮಾತನ್ನು ಆರಿಸಿ ಆರಿಸಿ ಹೇಳಿದ್ದಳು:

"ಮರಿಯಾ, ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಂದು ಬೀಜ ಇರುತ್ತದೆ. ಕಾಯಿಯ ಜೊತೆ ಭರಣಿಗೆ ಬರುತ್ತದೆ. ನೀನು ಕುದಿಸಿದರೂ ಅದು ಸಾಯುವುದಿಲ್ಲ. ಗಾಳಿ ಇಲ್ಲದ ಭರಣಿ ಅಂದರೆ ಅದಕ್ಕೆ ಅರಮನೆ. ಅದನ್ನು ಮಲಗಿಸಿ ಇಡುವುದು ಹುಳಿ ಮಾತ್ರ. ತಿನ್ನುವವರು ಹುಳಿ ಹೆಚ್ಚಾಯಿತು ಅಂದರೆ ಸಕ್ಕರೆ ಹಾಕು. ನೀರು ಹಾಕಬೇಡ."

ಮಿಸ್ಸಮ್ಮನ ಊರಿನಲ್ಲಿ ಒಂದು ಮನೆಯವರು ಹುಳಿ ಸಾಲದ ಹುರುಳಿಕಾಯಿ ತಿಂದಿದ್ದರಂತೆ. ಭರಣಿ ತಿಳಿಯಾಗಿಯೇ ಇತ್ತು, ವಾಸನೆ ಇರಲಿಲ್ಲ. ಮೊದಲು ಬಾಯಿ ಒಣಗಿತು. ಆಮೇಲೆ ಒಂದು ದೀಪ ಎರಡಾಗಿ ಕಂಡಿತು. ರೆಪ್ಪೆಗಳು ಜೋತುಬಿದ್ದವು, ಗಂಟಲು ಕಟ್ಟಿತು, ಕೊನೆಗೆ ಉಸಿರು. ಜ್ವರವಿಲ್ಲ, ಬುದ್ಧಿಗೆ ಮಂಕೂ ಇಲ್ಲ. ಎಲ್ಲ ತಿಳಿಯುತ್ತಲೇ ಹೋದರಂತೆ. ಈ ಕತೆ ಕೇಳಿದ ರಾತ್ರಿ ಮರಿಯವ್ವನಿಗೆ ಊಟ ಸೇರಿರಲಿಲ್ಲ.

ಲೆಕ್ಕ ಸರಳ. ಮುಂಬಯಿಯಿಂದ ಬರುತ್ತಿದ್ದ ಸಿರ್ಕಾ ಬಲು ಗಟ್ಟಿ. ಅದರ ಒಂದು ಸೇರಿಗೆ ಮೂರು ಸೇರು ನೀರು ಬೆರೆಸಿದರೆ ಊಟಕ್ಕೆ ಬಳಸುವ ಹದದ ಸಿರ್ಕಾ. ಆ ಹದದ ಸಿರ್ಕಾಕ್ಕೆ ಸಮಸಮ ನೀರು, ಉಪ್ಪು ಹಾಕಿ ಕುದಿಸಿದರೆ ಭರಣಿಯ ಹುಳಿನೀರು. ಅದಕ್ಕಿಂತ ಒಂದು ಲೋಟ ನೀರು ಹೆಚ್ಚಾಗಕೂಡದು. ಗಟ್ಟಿ ಸಿರ್ಕಾದ ಬೂಚು ತೆಗೆದರೆ ಸಾಕು, ಕಣ್ಣಲ್ಲಿ ನೀರು ಧಾರಾಕಾರ.

ಆ ವರ್ಷ ಮಳೆಗಾಲದಲ್ಲಿ ಮರಿಯವ್ವನಿಗೆ ವಿಷಮಜ್ವರ ಬಂತು. ಜ್ವರ ಬಿಟ್ಟಿತು, ಬಿಡುವಾಗ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಹುಣಸೆಹಣ್ಣು ಇಟ್ಟರೂ ಅಷ್ಟೇ, ಬೆಲ್ಲ ಇಟ್ಟರೂ ಅಷ್ಟೇ, ಎಲ್ಲ ಹಸಿ ಮಣ್ಣು. ಗಂಡ ಇಸಾಕನಿಗೂ ಅವಳು ಹೇಳಲಿಲ್ಲ. ಮಗ್ಗದ ಕೆಲಸ ಅರ್ಧಕ್ಕರ್ಧ ನಿಂತಿತ್ತು, ಮನೆ ನಡೆಯುತ್ತಿದ್ದದ್ದು ಅವಳ ನಾಲಿಗೆಯ ಮೇಲೆ. ನಾಲಿಗೆ ಸತ್ತ ಹೆಂಗಸನ್ನು ಮಂಡಳ ಯಾಕೆ ಇಟ್ಟುಕೊಂಡೀತು? ಅಳತೆ ನನ್ನ ಕೈಯಲ್ಲೇ ಇದೆ, ಒಂದಕ್ಕೆ ಮೂರು, ಆಮೇಲೆ ಸಮಸಮ, ಅದಕ್ಕೆ ನಾಲಿಗೆ ಯಾಕೆ ಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕೆಲಸಕ್ಕೆ ಮರಳಿದ ದಿನ ಜೊತೆಗಾತಿ ದುರಗವ್ವ ಕಾಯಿ ಹೆಚ್ಚುತ್ತ ಕುಳಿತಿದ್ದಳು.

"ಬಂದ್ಯಾ ಮರಿಯಕ್ಕಾ? ಭಾಳ ಸೊರಗೀ ನೋಡು. ಸಿರ್ಕಾ ಹೊಸಾದು ಬಂದೈತಿ, ಜಾಡಿಯಾಗ ತುಂಬೇವಿ."

ಅದೇ ಕಲ್ಲಿನ ಜಾಡಿ, ಅದೇ ನೀರಿನಂಥ ಬಣ್ಣ. ಮರಿಯವ್ವ ಬೂಚು ತೆಗೆದಳು. ಕಣ್ಣಲ್ಲಿ ನೀರು ಬರಲಿಲ್ಲ. ಒಂದು ಗಳಿಗೆ ಕೈ ನಿಂತಿತು. ಜ್ವರ ಮೂಗನ್ನೇ ಒಯ್ದಿದೆ, ಕಣ್ಣಿನ ಉರಿಯನ್ನೂ ಒಯ್ದಿರಬೇಕು ಎಂದುಕೊಂಡಳು. ಕೇಳಬಹುದಿತ್ತು. ಕೇಳಿದರೆ, "ಯಾಕ, ನಿನಗ ತಿಳೀಲಿಲ್ಲೇನು?" ಎನ್ನುತ್ತಾರಲ್ಲ! ಒಂದಕ್ಕೆ ಮೂರು ನೀರು ಅಳೆದಳು. ಸಮಸಮ ಮತ್ತೆ ಅಳೆದಳು. ಕುದಿದ ಮೇಲೆ ಹನಿ ಮುಟ್ಟಿಸಿ, ಕಣ್ಣು ಮುಚ್ಚಿ, "ಹೂಂ" ಎಂದಳು. ಎಲ್ಲರೂ ಸೌಟು ಎತ್ತಿದರು.

ಭರಣಿಗಳು ಕಪಾಟಿನಲ್ಲಿ ಸಾಲುಗಟ್ಟಿ ನಿಂತವು. ಎಂದಿಗಿಂತ ಚೆಂದ ಕಾಣುತ್ತಿದ್ದವು. ಗಜ್ಜರಿ ಕೆಂಪಗೆ, ಹುರುಳಿಕಾಯಿ ಹಚ್ಚಗೆ, ನೀರು ತಿಳಿ. ಆದರೂ ಕಸ ಗುಡಿಸುವಾಗ ಮರಿಯವ್ವ ಆ ಕಪಾಟಿನ ಕಡೆ ಬೆನ್ನು ಮಾಡುತ್ತಿರಲಿಲ್ಲ. ಯಾಕೆ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಕನ್ನಡ ನಾಡು ಒಂದಾಗುವ ದಿನ ಹತ್ತಿರ ಬಂತು. ಮುಂಡರಗಿಯಲ್ಲಿ ಸುತ್ತಲ ಹಳ್ಳಿಗಳ ಶಾಲೆಯ ಮಕ್ಕಳಿಗೆಲ್ಲ ಊಟವಂತೆ. ಶಾರದವ್ವ ಆ ಭರಣಿಗಳ ಸಾಲನ್ನು ಪೂರಾ ಅಲ್ಲಿಗೆ ಕಳಿಸುವುದೆಂದು ಸಾರಿದಳು. ಅದರಲ್ಲಿ ಒಂದು ಭರಣಿಯನ್ನು ಮರಿಯವ್ವನ ಕೈಗಿಟ್ಟು, "ಇಸಾಕಗೂ ಹಬ್ಬ ಆಗ್ಲಿ, ಒಯ್ಯಿ" ಎಂದಳು.

ಮರುದಿನ ಮಧ್ಯಾಹ್ನ ಇಸಾಕ ಪ್ರಾರ್ಥನೆ ಮುಗಿಸಿ ಭರಣಿಯ ಬಿರಡೆ ತೆಗೆದ. ರೊಟ್ಟಿಯ ಜೊತೆ ಹುರುಳಿಕಾಯಿಯನ್ನು ಬೆರಳು ಚೀಪುತ್ತ ತಿಂದ. ಮರಿಯವ್ವನಿಗೆ ರುಚಿಯೇ ಇಲ್ಲವಲ್ಲ, ಅವಳು ಬರೀ ರೊಟ್ಟಿ ನೀರಲ್ಲಿ ಅದ್ದಿ ನುಂಗಿದಳು.

"ಈ ಸಲ ಭಾಳ ಚೊಲೋ ಆಗೈತಿ ನೋಡು," ಎಂದ ಇಸಾಕ. "ಹೋದ ವರ್ಷದ್ದು ತಿಂದ್ರ ಹಲ್ಲು ಚುಳ್ ಅಂತಿದ್ದವು. ಇದು ಸಾರು ಕುಡದಂಗ ಒಳಗ ಹೋಗ್ತೈತಿ."

ಮರಿಯವ್ವ ನಕ್ಕಳು. ಹೊಗಳಿಕೆ ಅಲ್ಲವೇ? ಆದರೆ ತಾಟು ತೊಳೆಯುವಾಗ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಹಲ್ಲು ಚುಳ್ ಎನ್ನಲಿಲ್ಲ ಅಂದರೆ ಏನು? ಇವರಿಗೆ ವಯಸ್ಸಾಯಿತು ಅಷ್ಟೇ ಎಂದು ಮನಸ್ಸನ್ನು ಗದರಿಸಿದಳು.

ಮರುದಿನ ಬೆಳಿಗ್ಗೆ ಇಸಾಕ ಎದ್ದವನೇ ನೀರು ಕೇಳಿದ. ಕುಡಿದು ಮತ್ತೆ ಕೇಳಿದ.

"ಯಾಕೋ ಬಾಯಿ ಒಣಾ ಒಣಾ ಆಗೈತಿ," ಎಂದ.

"ನಿನ್ನೆ ಉಪ್ಪು ಹೆಚ್ಚು ತಿಂದೀರಿ, ಮತ್ತೇನಾಗತೈತಿ?" ಎಂದು ತಂಬಿಗೆ ತುಂಬಿಟ್ಟು ಮರಿಯವ್ವ ಮಂಡಳದ ಕಡೆ ಲಗುಬಗೆಯಿಂದ ಹೊರಟಳು. ಮುಂಡರಗಿಗೆ ಲಾರಿ ಹೋಗುವ ದಿನ ಅದು.

ಅಂಗಳದಲ್ಲಿ ಯಮನೂರಪ್ಪನ ಲಾರಿ ನಿಂತಿತ್ತು. ಹೆಂಗಸರು ಭರಣಿಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸುತ್ತಿದ್ದರು. ಶಾರದವ್ವ ಖುಷಿಯಲ್ಲಿದ್ದಳು. ಎಣಿಸುತ್ತ, ಗದರುತ್ತ, ನಡುವೆ ಮರಿಯವ್ವನ ಭುಜ ತಟ್ಟಿ ಹೇಳಿದಳು:

"ಇನ್ನ ಮುಂದ ನಿನಗ ಒಂದಕ್ಕ ಮೂರು ಅಳೆಯೋ ತ್ರಾಸಿಲ್ಲ ಬಿಡು. ಹುಬ್ಬಳ್ಳಿಯಿಂದ ಬರೋದು ತಯಾರಿ ಸಿರ್ಕಾ, ಆ ಮುಂಬಯಿದಂಗ ಗಟ್ಟಿ ಅಲ್ಲ. ಸಮಸಮ ನೀರು ಹಾಕಿದ್ರ ಆತು. ನೀ ಮಲಗಿದಾಗ ಬಂತು, ಅಂಗಡಿಯವನ ಬಾಟ್ಲಿ ಹೊಳ್ಳಿ ಕೊಡಬೇಕಂತ ಜಾಡಿಗೇ ತುಂಬಿಸಿದೆ. ನಿನಗೇನು ಹೇಳೂದು, ನಾಲಿಗಿಗೆ ಹತ್ತಿದ ಕೂಡ್ಲೇ ಗೊತ್ತಾಗಿರತೈತಿ."

ಮರಿಯವ್ವನ ಕೈಯಲ್ಲಿದ್ದ ಹುಲ್ಲು ಜಾರಿತು. ಆಗಲೇ ಹದಕ್ಕಿದ್ದ ಸಿರ್ಕಾ. ಅದರ ಒಂದಕ್ಕೆ ಮೂರು ನೀರು. ಮೇಲೆ ಮತ್ತೆ ಸಮಸಮ. ಇರಬೇಕಾದ ಹುಳಿಯಲ್ಲಿ ಕಾಲುಭಾಗ ಮಾತ್ರ, ಮಿಕ್ಕದ್ದೆಲ್ಲ ಉಪ್ಪುನೀರು. ಮಿಸ್ಸಮ್ಮನ ಅರಮನೆಗಳು ಒಂದೊಂದಾಗಿ ಲಾರಿ ಏರುತ್ತಿದ್ದವು.

ಯಮನೂರಪ್ಪ ಹ್ಯಾಂಡಲ್ ತಿರುವಿದ. ಲಾರಿ ಗುಡುಗಿತು. ಈಗ ಬಾಯಿ ಬಿಟ್ಟರೆ ಕೆಲಸ ಹೋಯಿತು, ಮಾನ ಹೋಯಿತು. ಬಿಡದಿದ್ದರೆ? ಎಷ್ಟೋ ಶಾಲೆಗಳ ಮಕ್ಕಳು ಪಂಕ್ತಿಯಲ್ಲಿ ಕೂತು ಬೆರಳು ಚೀಪುವುದು ಕಣ್ಣೆದುರು ಬಂತು. ಲಾರಿ ಅಲುಗಿತು. ಅವಳು ಓಡಿಹೋಗಿ ಅದರ ಮೂತಿಗೆ ಅಡ್ಡ ನಿಂತಳು.

"ನಿಂದ್ರಸ್ರಿ! ಇಳಸ್ರಿ ಎಲ್ಲಾನೂ! ಅದು ವಿಷ ಐತಿ!"

"ಹುಚ್ಚು ಹಿಡದೈತೇನು ನಿನಗ?" ಎಂದು ಶಾರದವ್ವ ಕೂಗಿದಳು.

"ನನ್ನ ನಾಲಿಗಿ ಸತ್ತೈತ್ರಿ, ಅಕ್ಕಾರ," ಎಂದಳು ಮರಿಯವ್ವ. ಧ್ವನಿ ತನ್ನದೇ ಅನ್ನಿಸಲಿಲ್ಲ. "ಜ್ವರ ಬಂದಾಗಿಂದ ಏನೂ ಹತ್ತೂದಿಲ್ಲ. ತಯಾರಿ ಸಿರ್ಕಾ ಅಂತ ತಿಳೀಲಿಲ್ಲ. ಮೊದಲಿನಂಗ ಒಂದಕ್ಕ ಮೂರು ನೀರು ಹಾಕೇನಿ. ಸುಳ್ಳೇ ಹೂಂ ಅಂದೇನಿ."

ಶಾರದವ್ವ ಮುಖ ಕಪ್ಪಿಟ್ಟು ಒಂದು ಭರಣಿ ತೆಗೆದುಕೊಂಡು ಬಿರಡೆಗೆ ಕೈ ಹಾಕಿದಳು. ಮರಿಯವ್ವ ಅದನ್ನು ಕಸಿದುಕೊಂಡಳು.

"ಹನಿ ಸೈತ ಬಾಯಿಗೆ ಹಾಕಬ್ಯಾಡ್ರಿ! ಕಣ್ಣಿಗೆ ಕಾಣೂದಿಲ್ಲ, ಮೂಗಿಗೆ ಹತ್ತೂದಿಲ್ಲ ಅದು."

ಶಾರದವ್ವ ಪೆಟ್ಟಿಗೆಗಳ ಕಡೆ ಕೈ ತೋರಿದಳು. ಬೈಯಲಿಲ್ಲ. "ಇಳಸ್ರಿ," ಎಂದಳು ಹೆಂಗಸರಿಗೆ. "ಒಂದೂ ಉಳೀಬಾರದು. ಬಿರಡೆ ತಗೀದನ ಕುದಿಯೋ ಹಂಡ್ಯಾಗ ಬಿಡ್ರಿ, ವಿಷ ಸಾಯಲಿ, ಆಮ್ಯಾಲ ಆಳುದ್ದ ತಗ್ಗು ತಗದು ಹುಗೀರಿ." ಆಮೇಲೆ ಏನೋ ನೆನಪಾದವಳಂತೆ ತಿರುಗಿದಳು. "ಮರಿಯವ್ವಾ, ನಿನಗ ಕೊಟ್ಟಿದ್ದು?"

ಅಷ್ಟು ಹೊತ್ತು ಆ ನೆನಪನ್ನು ಮರಿಯವ್ವ ಎರಡೂ ಕೈಯಿಂದ ದೂರ ತಳ್ಳಿ ನಿಂತಿದ್ದಳು. ಮಕ್ಕಳನ್ನು ಉಳಿಸಿದೆನಲ್ಲ, ಆ ಪುಣ್ಯಕ್ಕೆ ದೇವರು ಇದೊಂದನ್ನು ನೋಡದಿರಲಿ ಎಂದು ಬೇಡುತ್ತಿದ್ದಳು. ಈಗ ತಳ್ಳಲಾಗಲಿಲ್ಲ. ಬೆಳಗಿನ ತಂಬಿಗೆ ಕಣ್ಣೆದುರು ನಿಂತಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮನೆಯ ಕಡೆ ಓಡಿದಳು. ನೇಕಾರರ ಓಣಿಯಲ್ಲಿ ಬಿಸಿಲು ಬೆಳ್ಳಗೆ ಸುರಿಯುತ್ತಿತ್ತು, ಮಗ್ಗಗಳು ಎಂದಿನಂತೆ ಲಟಪಟ ಅನ್ನುತ್ತಿದ್ದವು. ಅವಳ ಮನೆಯ ಮಗ್ಗ ಮಾತ್ರ ಸುಮ್ಮನಿತ್ತು.

ಇಸಾಕ ಗೋಡೆಗೆ ಒರಗಿ ಕುಳಿತಿದ್ದ. ತಾಟಿನಲ್ಲಿ ರೊಟ್ಟಿ ಹಾಗೇ ಇತ್ತು. ಅವಳನ್ನು ಕಂಡು ನಗಲು ನೋಡಿದ.

"ಜಲ್ದಿ ಬಂದೀ?" ಎಂದ. ನಾಲಿಗೆ ದಪ್ಪಗೆ ತೊಡರುತ್ತಿತ್ತು. "ಅಲ್ಲಾ, ಎರಡನೇ ಭರಣಿ ಯಾವಾಗ ತಂದೀ? ಹೇಳೇ ಇಲ್ಲ."

ಮರಿಯವ್ವ ಕಟ್ಟೆಯ ಕಡೆ ತಿರುಗಿದಳು. ಅಲ್ಲಿ ಇದ್ದದ್ದು ಒಂದೇ ಭರಣಿ.

ಪಕ್ಕದ ಮನೆಯ ಸಕ್ರಪ್ಪನನ್ನು ಕೂಗಿ ಡಾಕ್ಟರ ಬಳಿಗೆ ಓಡಿಸಿದಳು. ಬಂದು ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನೀರು ಕುಡಿಸಲು ನೋಡಿದರೆ ಅದು ಮೂಗಿನಿಂದ ಹೊರಗೆ ಬಂತು. ಹಣೆ ಮುಟ್ಟಿದಳು. ಜ್ವರವಿರಲಿಲ್ಲ.

"ರೀ, ಹುಳಿ ಕಡಿಮಿ ಬಿದ್ದೈತ್ರಿ. ನನ್ನಿಂದ ತಪ್ಪಾಗೈತಿ."

ಇಸಾಕನ ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು. ಎತ್ತಲು ಹವಣಿಸಿದ, ಆಗಲಿಲ್ಲ. ಕೈಯಿಂದ ತಡಕಾಡಿ ಅವಳ ಮುಂಗೈ ಹಿಡಿದ.

"ಹುಚ್ಚಿ," ಎಂದ, ಒಂದೊಂದೇ ಮಾತನ್ನು ಎಳೆದು ಎಳೆದು. "ಊರಿಗೆಲ್ಲಾ ಗೊತ್ತೈತಿ. ನಿನ್ನ ನಾಲಿಗಿ ತಪ್ಪೂದಿಲ್ಲ."