ಐದು ಅರ್ಜಿಗಳಲ್ಲಿ ಒಂದೇ ಹುಡುಗಿ

ಹೆಡ್ಮಿಸ್ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಪಕ್ಕಕ್ಕೆ ಸರಿಸಿ, ಐದು ಹಾಳೆಗಳನ್ನು ಒಂದರ ಪಕ್ಕ ಒಂದರಂತೆ ಹರಡಿದರು. ಎದುರು ಕುರ್ಚಿಯ ತುದಿಯಲ್ಲಿ ಕೂತಿದ್ದ ಹುಡುಗಿ, ಎರಡು ತಿಂಗಳ ಹಿಂದಷ್ಟೇ ಶಿಕ್ಷಕರ ತರಬೇತಿ ಮುಗಿಸಿದವಳು, ಮೊದಲ ಹಾಳೆಯನ್ನು ಗುರುತು ಹಿಡಿದಳು. ಅದು ಅವಳದೇ ಅರ್ಜಿ. ವಾರದ ಹಿಂದೆ ಅಂಕಪಟ್ಟಿಯ ಜೆರಾಕ್ಸ್ ಪ್ರತಿಗಳ ಜೊತೆ ಪಿನ್ನು ಹಾಕಿ ಕೊಟ್ಟುಹೋಗಿದ್ದಳು. ಕೆಳಗೆ ಅವಳ ಸಹಿ ಇತ್ತು.

"ಮಿಕ್ಕ ನಾಲ್ಕನ್ನೂ ಓದಮ್ಮ," ಎಂದರು ಹೆಡ್ಮಿಸ್. "ಎರಡನೇ ಪ್ಯಾರಾ ಮಾತ್ರ ಓದಿದ್ರೆ ಸಾಕು."

ಹುಡುಗಿ ಬಗ್ಗಿ ಓದಿದಳು. 'ಬೋಧನಾ ಅಭ್ಯಾಸದ ಅವಧಿಯಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಮೂರು ವಾರ ಬಾಯಿ ಬಿಡಲಿಲ್ಲ. ನಾಲ್ಕನೇ ವಾರ ಕಪ್ಪುಹಲಗೆಯ ಮೇಲಿನ ಸಾಲನ್ನು ತಾನಾಗಿಯೇ ಎದ್ದುನಿಂತು ಓದಿದಳು.' ತಾನೇ ಬರೆದಿದ್ದ ಮಾತುಗಳು, ಎರಡನೇ ಹಾಳೆಯಲ್ಲಿ. ಮೂರನೆಯದರಲ್ಲೂ ಅದೇ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅಕ್ಷರಗಳು ಕಾಣಿಸಿದರೂ ತಲೆಗೆ ಹೋಗುತ್ತಿರಲಿಲ್ಲ.

ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದ ಗುಮಾಸ್ತರಿಗೆ ನಗು ತಡೆಯಲಾಗಲಿಲ್ಲ. "ಐದನೇದು ನೋಡಿ, ಅದು ಡ್ರಿಲ್ ಮಾಸ್ತರ ಕೆಲಸಕ್ಕೆ ಹಾಕಿರೋದು. ಮೈದಾನದಲ್ಲಿ ಕಪ್ಪುಹಲಗೆ ಎಲ್ಲಿ ನೇತುಹಾಕಿದ್ನೋ ಪುಣ್ಯಾತ್ಮ!"

"ಸುಮ್ನಿರ್ರಿ," ಎಂದರು ಹೆಡ್ಮಿಸ್. ಹುಡುಗಿಯ ಕಡೆ ತಿರುಗಿದರು. "ಮೂವರನ್ನ ಬೆಳಿಗ್ಗೆ ಕರೆದು ಕೇಳಿದೆ. ಆ ಮಗು ಕೂರ್ತಿದ್ದ ಜಾಗ ಯಾವುದು ಅಂದ್ರೆ ಒಬ್ಬರಿಗೂ ಗೊತ್ತಿಲ್ಲ. ಡ್ರಿಲ್ ಮಾಸ್ತರು ಬರಲೇ ಇಲ್ಲ. ಇಪ್ಪತ್ತೆರಡು ವರ್ಷದಿಂದ ಅರ್ಜಿ ಓದ್ತಾ ಇದ್ದೀನಿ. 'ಮಕ್ಕಳೆಂದರೆ ನನಗೆ ಪ್ರಾಣ' ಅಂತ ಎಲ್ಲರೂ ಬರೀತಾರೆ, ಅದಕ್ಕೆ ನಾನೇನೂ ಅನ್ನಲ್ಲ. ಆದ್ರೆ ಒಂದು ಮಗೂನ ಕದ್ದು ತಂದು ತೋರಿಸಿದ್ರೆ ಹೇಗೆ?"

"ಅವಳು ನನ್ನ ಕ್ಲಾಸಿನವಳು ಮೇಡಂ," ಎಂದಳು ಹುಡುಗಿ.

"ಮೂವರೂ ಹಾಗೇ ಅಂದ್ರು."

ಏನು ಹೇಳಿದರೂ ಸುಳ್ಳಿನಂತೆಯೇ ಕೇಳುತ್ತದೆ. ತನ್ನ ಬಾಳಿನಲ್ಲಿ ನಡೆದ ಒಂದೇ ಒಂದು ದೊಡ್ಡ ಸಂಗತಿಯನ್ನು ಯಾರೋ ಬೀದಿಯಲ್ಲಿ ಹಂಚಿಬಿಟ್ಟಿದ್ದರು. ಹುಡುಗಿ ಎದ್ದು ಹೋಗಿಬಿಡೋಣ ಎಂದುಕೊಂಡಳು. ಆದರೆ ತನ್ನ ಅರ್ಜಿಯ ಮೇಲೆ ಕಣ್ಣಿಟ್ಟುಕೊಂಡೇ, ಯಾರಿಗೂ ಹೇಳಬಾರದೆಂದುಕೊಂಡಿದ್ದನ್ನು ಹೇಳತೊಡಗಿದಳು.

"ಬಾಗಿಲ ಪಕ್ಕ, ಮೂರನೇ ಸಾಲು. ಓದಿದ್ದು ನಿಜ. ಅವತ್ತು ನಾನು ಕ್ಲಾಸಿಗೆಲ್ಲ ಚಪ್ಪಾಳೆ ಹೊಡೆಸಿದೆ. ಮಾರನೇ ದಿನ ಕಾಲೇಜಿನಿಂದ ನಮ್ಮ ಮೇಷ್ಟ್ರು ಪಾಠ ನೋಡೋಕೆ ಬಂದು ಹಿಂದಿನ ಬೆಂಚಲ್ಲಿ ಕೂತ್ಕೊಂಡ್ರು. ನನಗೆ ಮಾರ್ಕು ಬೇಕಿತ್ತು. ಅವಳನ್ನೇ ಎಬ್ಬಿಸಿ ಓದು ಅಂದೆ. ಅವಳು ನಿಂತೇ ಇದ್ಲು ಮೇಡಂ. ನಾನು ಮತ್ತೆ ಮತ್ತೆ ಅಂದೆ. ನಿಂತಲ್ಲೇ ಲಂಗ ಒದ್ದೆ ಮಾಡ್ಕೊಂಡ್ಲು. ಇಡೀ ಕ್ಲಾಸು ನಕ್ಕಿತು. ಆಮೇಲೆ ನಾನು ಅಲ್ಲಿದ್ದ ಹದಿಮೂರು ದಿನ ಅವಳು ಸ್ಕೂಲಿಗೆ ಬರಲಿಲ್ಲ."

ಹೆಡ್ಮಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಯಾವುದೋ ತರಗತಿ ಹದಿನಾಲ್ಕರ ಮಗ್ಗಿ ಹೇಳುತ್ತಿತ್ತು.

"ಮನೆಗೆ ಹೋಗಿ ನೋಡಿದ್ಯಾ?"

"ಹೋಗಿದ್ದೆ. ಅವರಮ್ಮ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ್ರು."

ಹೆಡ್ಮಿಸ್ ಐದೂ ಹಾಳೆಗಳನ್ನು ಜೋಡಿಸಿ, ಅವಳದನ್ನು ಮಾತ್ರ ಹೊರಗೆಳೆದು ಅವಳ ಮುಂದೆ ತಳ್ಳಿದರು. "ಇದನ್ನ ನಾನು ಫೈಲಿಗೆ ಹಾಕೋಕಾಗಲ್ಲ. ಆಡಳಿತ ಮಂಡಳಿಯವರು ಐದನ್ನೂ ನೋಡಿದ್ದಾರೆ. ಬೇರೆ ಅರ್ಜಿ ಬೇಕು, ಇವತ್ತು ನಾಲ್ಕು ಗಂಟೆ ಒಳಗೆ. ತಂದ್ರೆ ಸೋಮವಾರ ಮಕ್ಕಳ ಮುಂದೆ ಒಂದು ಪಾಠ ಮಾಡಬೇಕು. ಆಮೇಲೆ ಯೋಚನೆ. ಇದನ್ನ ಟೈಪ್ ಮಾಡಿಕೊಟ್ಟಿದ್ದು ಯಾರು?"

ಆಗಲೇ ಅವಳಿಗೆ ಹೊಳೆದದ್ದು. ಹೊಳೆದ ಕೂಡಲೇ ಅರ್ಜಿ ಎತ್ತಿಕೊಂಡು ಎದ್ದಳು.

ಬಸ್‌ಸ್ಟ್ಯಾಂಡಿನ ಎದುರು ಅವಳ ತಾಯಿಯ ತಮ್ಮನ ಅಂಗಡಿ. ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಗೋಡೆಯುದ್ದಕ್ಕೂ ಅರ್ಜಿ ನಮೂನೆಗಳು. ಊರಿನವರೆಲ್ಲ ಅವನನ್ನು ಜೆರಾಕ್ಸ್ ಮಾವ ಎಂದೇ ಕರೆಯುತ್ತಿದ್ದರು. ರಜೆ ಬೇಕಾದವರಿಗೆ, ನೀರಿನ ನಲ್ಲಿ ಬೇಕಾದವರಿಗೆ, ಜಮೀನಿನ ಖಾತೆ ಬದಲಾಗಬೇಕಾದವರಿಗೆ ಹದಿನೆಂಟು ವರ್ಷದಿಂದ ಅರ್ಜಿ ಬರೆದುಕೊಟ್ಟವನು. ಒಂದೊಂದಕ್ಕೂ ಒಂದು ನಮೂನೆ. ಹೆಸರು, ವಿಳಾಸ, ತಾರೀಖು ಬದಲಾಯಿಸಿದರೆ ಮುಗಿಯಿತು. ಇದುವರೆಗೂ ಯಾವ ಕಚೇರಿಯೂ ತಕರಾರು ಮಾಡಿರಲಿಲ್ಲ.

"ಬಾರೇ ಮೇಡಮ್ಮೋರೆ!" ಎಂದು ಮಾವ ಸ್ಟೂಲು ಒರೆಸಿದ. "ಯಾವತ್ತಿಂದ ಬಾ ಅಂದ್ರು?"

ಹುಡುಗಿ ಕೂರಲಿಲ್ಲ. "ನನ್ನ ಅರ್ಜಿ ಬೇರೆಯವರಿಗೂ ಹಾಕಿಕೊಟ್ಯಾ ಮಾವ?"

"ಹೂಂ ಮತ್ತೆ! ಎಂಥಾ ಮಾತು ಬರೆದಿದ್ದೀಯ! ನಮ್ಮ ಹಳೇ ನಮೂನೆ ಅದರ ಮುಂದೆ ಚಪ್ಪೆ. ಎಲ್ಲರಿಗೂ ಒಳ್ಳೇದಾಗಲಿ ಅಂತ ಅದನ್ನೇ ನಮೂನೆ ಮಾಡಿಟ್ಟೆ. ಹನ್ನೊಂದು ಜನಕ್ಕೆ ಕೊಟ್ಟೆ."

"ಹನ್ನೊಂದಾ?"

"ಟೈಪಿಂಗ್ ದುಡ್ಡು ಬಿಟ್ಟು ಒಂದು ಕಾಸೂ ಜಾಸ್ತಿ ತಗೊಂಡಿಲ್ಲ ಕಣೇ," ಎಂದ ಮಾವ, ತಪ್ಪು ಅಲ್ಲೇ ಇರಬೇಕೆಂದುಕೊಂಡು.

ಶಾಲೆಯಲ್ಲಿ ನಡೆದದ್ದನ್ನು ಹುಡುಗಿ ಒಂದೂ ಬಿಡದೆ ಹೇಳಿದಳು. ಕೇಳುತ್ತ ಕೇಳುತ್ತ ಮಾವನ ಕೈ ಕೀಲಿಮಣೆಯ ಮೇಲಿಂದ ಜಾರಿ ತೊಡೆಯ ಮೇಲೆ ಬಿತ್ತು.

"ಅಲ್ವೇ," ಎಂದ ಮೆತ್ತಗೆ. "ಅರ್ಜಿಯಲ್ಲಿ ಬರೆಯೋದು ನಿಜ ಅಂತ ಯಾರು ಓದ್ತಾರೆ? ನಾನು ಅದನ್ನ ಕಥೆ ಅಂದ್ಕೊಂಡೆ. ಆ ಮಗು ನಿಜವಾಗ್ಲೂ ಇದಾಳಾ?"

ಈ ಮಾತು ಹೆಡ್ಮಿಸ್ ಮಾತಿಗಿಂತ ಜೋರಾಗಿ ತಾಗಿತು. ಅಕ್ಕನ ಮಗಳು ಬರೆದದ್ದನ್ನು ಒಂದೊಂದೇ ಅಕ್ಷರ ಒತ್ತಿ ಟೈಪ್ ಮಾಡಿದ ಮನುಷ್ಯ, ಅದನ್ನು ಒಂದು ಗಳಿಗೆಯೂ ನಂಬಿರಲಿಲ್ಲ.

"ಇದಾಳೆ," ಎಂದಳು. "ಒಂದು ಬಿಳೀ ಹಾಳೆ ಕೊಡು."

"ನಾನೇ ಟೈಪ್ ಮಾಡ್ತೀನಿ, ಹೇಳು. ಅಳಿಸಿಬಿಡ್ತೀನಿ ಹಳೇದನ್ನ, ನೋಡು, ನಿನ್ನ ಕಣ್ಮುಂದೇನೇ."

"ಬೇಡ ಮಾವ. ಕೈಯಲ್ಲೇ ಬರೀತೀನಿ."

ಜೆರಾಕ್ಸ್ ಯಂತ್ರದ ಮುಚ್ಚಳದ ಮೇಲೆ ಹಾಳೆಯಿಟ್ಟು ಬರೆದಳು. ಮಾನ್ಯರೇ ಎಂದು ಶುರುಮಾಡಿ, ವಿದ್ಯಾರ್ಹತೆ, ಅಂಕ, ತರಬೇತಿ ಮುಗಿಸಿದ ತಿಂಗಳು ಬರೆದು, ಎರಡನೇ ಪ್ಯಾರಾದಲ್ಲಿ ನಿಂತಳು. ಆಮೇಲೆ ಓದಿದ ದಿನವನ್ನೂ ಬರೆದಳು, ಮಾರನೇ ದಿನವನ್ನೂ ಬರೆದಳು. ಮಾವ ಭುಜದ ಮೇಲಿಂದ ಬಗ್ಗಿ ಓದಿ ಗಾಬರಿಯಾದ.

"ನಿನಗೇನು ತಲೆ ಕೆಟ್ಟಿದ್ಯಾ? ನಿನ್ನ ತಪ್ಪು ನೀನೇ ಬರೆದು ಸಹಿ ಹಾಕ್ತೀಯಾ? ಇದನ್ನ ನೋಡಿ ಯಾರು ಕೆಲಸ ಕೊಡ್ತಾರೆ?"

"ಕೊಡದೇ ಇರಬಹುದು," ಎಂದು ಅವಳು ಸಹಿ ಹಾಕಿದಳು.

ಅವಳು ಶಾಲೆಗೆ ವಾಪಸು ಬಂದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಗುಮಾಸ್ತರು ಹಾಳೆ ತೆಗೆದುಕೊಂಡು ನಿಂತಲ್ಲೇ ಓದಿದರು; ಈ ಸಲ ತಮಾಷೆ ಮಾಡಲಿಲ್ಲ. ಆವಕ ಪುಸ್ತಕದಲ್ಲಿ ನಂಬರು ಹಾಕಿ, ಮೊಹರು ಒತ್ತಿ, ಒಳಗೆ ಹೋಗಿ ಬಂದರು.

"ಸೋಮವಾರ ಎರಡನೇ ಪೀರಿಯಡ್ಡು, ನಾಲ್ಕನೇ ಕ್ಲಾಸು," ಎಂದರು. ಆಮೇಲೆ ದನಿ ತಗ್ಗಿಸಿ, "ಹಿಂದಿನ ಬೆಂಚಲ್ಲಿ ಹೆಡ್ಮಿಸ್ ಕೂತಿರ್ತಾರೆ. ಆ ಕ್ಲಾಸಲ್ಲೂ ಮಾತಾಡದ ಮಕ್ಕಳು ಇಬ್ಬರಿದ್ದಾರಮ್ಮ."

"ಯಾರು ಅಂತ ಹೇಳಬೇಡಿ ಸರ್," ಎಂದಳು ಹುಡುಗಿ. "ನಾನು ಯಾರನ್ನೂ ಎಬ್ಬಿಸಲ್ಲ."