ಬೆವರುವ ಕೈ

ಗಿರಾಕಿಯಿಂದ ವಾಪಸು ಬಂದ ಡಬ್ಬಿಯನ್ನು ಮೇಸ್ತ್ರಿ ಅವಳ ಮೇಜಿನ ಮೇಲೆಯೇ ಬಿಚ್ಚಿದ. ಕನ್ನಡಿಯಂತೆ ಹೊಳೆಯಬೇಕಿದ್ದ ತೂತಿನ ಅಗಲ ಅಳೆಯುವ ಉಕ್ಕಿನ ಪಿನ್ನುಗಳ ಮೈಮೇಲೆಲ್ಲ ಕಂದು ಮಚ್ಚೆ. ಒಂದೊಂದೂ ಬೆರಳ ತುದಿಯಷ್ಟೇ ಅಗಲ.

"ಯಾರದೋ ಕೈಬೆವರು. ಕಬ್ಬಿಣಕ್ಕೆ ತೇವ, ಗಾಳಿ ಎರಡೂ ಸೇರಿದ್ರೆ ತುಕ್ಕು. ಬೆವರಿನ ಉಪ್ಪು ಬೇರೆ ಸೇರಿದ್ರೆ ಕೇಳೋದೇ ಬೇಡ," ಎಂದ. "ಸಂಜೆ ಎಲ್ಲರೂ ಒಂದೊಂದು ಪಿನ್ನು ಹಿಡಿದಿಟ್ಟು ಹೋಗಿ. ಯಾರ ಕೈ ಅಂತ ಬೆಳಿಗ್ಗೆ ಅದೇ ಹೇಳುತ್ತೆ."

ಅವಳು ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ವರ್ಷಗಟ್ಟಲೆ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ನಿಂತು ನಿಂತು, ಈಗಷ್ಟೇ ತಪಾಸಣೆಯ ಕುರ್ಚಿ ಸಿಕ್ಕಿತ್ತು. ಅವಳ ಅಂಗೈಯೋ, ಸದಾ ಒದ್ದೆ. "ನಿನ್ನ ಕೈ ಹಿಡಿಯೋಕೆ ಟವೆಲ್ ಬೇಕು ಕಣೇ," ಎಂದು ಗಂಡ ಮದುವೆಯಾದಾಗಿನಿಂದ ಛೇಡಿಸುತ್ತಿದ್ದ. ಅದಕ್ಕೆಂದೇ ಅವಳು ಪ್ರತಿ ಪಿನ್ನನ್ನೂ ಡಬ್ಬಿಗಿಡುವ ಮುಂಚೆ ಬಟ್ಟೆಯಿಂದ ಒರೆಸುತ್ತಿದ್ದಳಲ್ಲ!

"ಇದಕ್ಕೂ ಒಂದು ಕೈ ಬಣ್ಣ ಬಳಿದುಬಿಟ್ರೆ ಆಗಲ್ವಾ, ಅಕ್ಕ?" ಪಕ್ಕದ ಮೇಜಿನ ಹಿರಿಯಾಕೆಯನ್ನು ಕೇಳಿದಳು.

"ಗೇಟಿಗೆ ಬಳಿ, ಗಾಳಿ ನೀರು ತಡೆಯುತ್ತೆ. ಬಣ್ಣ ಬಳಿದ ಪಿನ್ನು ದಪ್ಪ ಆಗಿ ತೂತಿಗೇ ಇಳಿಯಲ್ಲ, ಆಮೇಲೆ ಏನನ್ನ ಅಳೀತೀಯ?"

"ಬೋಲ್ಟಿಗೆ ಸತು ಹಚ್ತಾರಲ್ಲ?"

"ಅದೂ ದಪ್ಪಾನೇ. ಆದ್ರೆ ಸತು ಒಳ್ಳೇದು ಕಣೇ, ಗೀರು ಬಿದ್ರೂ ತಾನು ಮೊದಲು ಸವೆದು ಕಬ್ಬಿಣಾನ ಉಳಿಸುತ್ತೆ. ನಮ್ಮ ಪಿನ್ನಿಗೆ ಎಣ್ಣೆ ಪೊರೆ ಒಂದೇ ಗತಿ. ಅದು ಹೋಯ್ತೋ, ಮುಗೀತು."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು. ಜಿಡ್ಡು ಜಿಡ್ಡಾಗಿತ್ತು.

ಮಧ್ಯಾಹ್ನವಿಡೀ ಕೂತಲ್ಲಿ ಕೂರಲಾಗಲಿಲ್ಲ. ಎರಡು ಸಲ ಹೋಗಿ ಸೋಪು ಹಚ್ಚಿ ಕೈ ತೊಳೆದಳು. ಬಚ್ಚಲ ಕಿಟಕಿಯ ಮೇಲೆ ಯಾರದೋ ಪೌಡರ್ ಡಬ್ಬಿಯಿತ್ತು. ಅಂಗೈಗೆ ಸುರಿದುಕೊಂಡಳು, ಬೆಳ್ಳಗೆ ಒಣಗಿತು. ಹೀಗೇ ಹೋಗಿ ಹಿಡಿದರೆ ಪಾರು. ಆಮೇಲೆ? ಪಿನ್ನಿನ ಮತ್ತೊಂದು ಡಬ್ಬಿ ವಾಪಸು ಬರುತ್ತದೆ, ಬೈಗುಳ ಅಕ್ಕನ ತಲೆಗೂ ಬರಬಹುದು. ಪೌಡರು ತೊಳೆದಳು. ಬಾಗಿಲವರೆಗೆ ಬಂದು, ಮತ್ತೆ ಪೌಡರ್ ಡಬ್ಬಿಯತ್ತ ತಿರುಗಿ ನೋಡಿದಳು.

ಸಂಜೆ ಮೇಸ್ತ್ರಿ ಪಿನ್ನು ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ನನ್ನ ಕೈಯೇ ಸರ್. ಎಣ್ಣೆ ಒರೆಸಿದ್ದೂ ನಾನೇ. ಬೆವರು ಹೋಗ್ಲಿ ಅಂತ ಉಜ್ಜಿದೆ."

"ಎಣ್ಣೇನೇ ಒರೆಸಿದ್ರಾ!" ಮೇಸ್ತ್ರಿ ಹಣೆ ಚಚ್ಚಿಕೊಂಡ. "ಬೋಲ್ಟಿನ ವಿಭಾಗಕ್ಕೆ ಹೋಗಿ. ಅಲ್ಲಿ ಸತು ಇದೆ, ನಿಮ್ಮ ಬೆವರನ್ನ ಸ್ವಲ್ಪ ದಿನ ತಡ್ಕೊಳ್ಳುತ್ತೆ."

ಅಕ್ಕ ಕಿಸಕ್ಕೆಂದಳು. ಅವಳಿಗೆ ನಗು ಬರಲಿಲ್ಲ. "ಹೋಗಲ್ಲ ಸರ್. ರಬ್ಬರ್ ಕೈಗವಸು ಕೊಡಿ. ಅಳತೆ ಆದ್ಮೇಲೆ ಪಿನ್ನು ತೊಳೆದು, ಒಣಗಿಸಿ, ನಾನೇ ಎಣ್ಣೆಗೆ ಅದ್ದಿ ಇಡ್ತೀನಿ. ಆಮೇಲೂ ಒಂದು ಮಚ್ಚೆ ಬಂದ್ರೆ ನೀವು ಹೇಳೋದೇ ಬೇಡ, ನಾನೇ ಬೋಲ್ಟಿನ ವಿಭಾಗಕ್ಕೆ ಹೋಗ್ತೀನಿ."

"ಮುಂದಿನ ಡಬ್ಬಿ ನೋಡೋಣ," ಎಂದು ಮೇಸ್ತ್ರಿ ಕೈಗವಸು ತರಲು ಹೋದ.

ತೊಟ್ಟ ಕೈಗವಸಿನೊಳಗೆ ಅಂಗೈ ಎಂದಿನಂತೆ ನೀರಾಡಿತು. ಹೊರಗೆ, ಬೆರಳ ತುದಿಯಲ್ಲಿ ಹಿಡಿದ ಪಿನ್ನಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದನ್ನು ಹಾಗೆಯೇ ಡಬ್ಬಿಗಿಟ್ಟು, ಇನ್ನೊಂದನ್ನು ಎತ್ತಿಕೊಂಡಳು.