ಅಳಿಸಿದ ಗೀಟುಗಳು

ನಾನು ಗಂಟೆ ಬಾರಿಸಿದೆ. ಮಾನಮ್ಮ ನಿಲ್ಲಿಸಲಿಲ್ಲ.

‘ಅಂದ್ರ ನೀರು ಒಂಥರಾ ಹೊರಗ ಬರ್ತದ, ಬಂದು ಒಂಥರಾ ತಂಪ...’

ಇನ್ನೊಮ್ಮೆ ಬಾರಿಸಿದೆ. ಅವಳ ಎಡಗೈ ಮೇಜಿನ ಮೇಲಿನ ಮಣ್ಣಿನ ಗಡಿಗೆಯ ಕೊರಳನ್ನು ಹಿಡಿದಿತ್ತು. ಬಲಗೈಯಲ್ಲಿ ಸುಣ್ಣದ ಕಡ್ಡಿ. ಹಲಗೆಯ ಮೇಲೆ ಗಡಿಗೆಯ ಚಿತ್ರ ಅರ್ಧಕ್ಕೆ ನಿಂತಿತ್ತು.

‘ಆರು ನಿಮಿಷ ಆತ್ರಿ’ ಅಂದೆ.

ಎದುರಿನ ಬೆಂಚುಗಳಲ್ಲಿ ಎಂಟನೆಯ ತರಗತಿಯ ಮಕ್ಕಳ ಹಾಗೆ ಕೈಕಟ್ಟಿ ಕೂತಿದ್ದ ಆರು ಮಂದಿ ಒಮ್ಮೆಲೇ ದೊಡ್ಡವರಾದರು. ಎಲ್ಲರೂ ನಮ್ಮ ಜೊತೆ ಬಿ.ಎಡ್. ಓದುವವರೇ. ಹುಲಿಗೆಪ್ಪ ಮೀಸೆ ತಿರುವುತ್ತಾ ಎದ್ದ. ‘ಟೀಚರ್, ನನಗ ಒಂಥರಾ ತಿಳಿತ್ರಿ’ ಅಂದ. ಉಳಿದವರು ನಕ್ಕರು. ಮಾನಮ್ಮ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕೈಯ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು.

ನಾನು ಅವಳ ವೀಕ್ಷಕ. ಎಂಬತ್ತೆರಡರ ಫೆಬ್ರುವರಿ, ರಾಯಚೂರಿನಲ್ಲಿ ಆಗಲೇ ತಗಡಿನ ಮಾಡು ಹನ್ನೊಂದು ಗಂಟೆಗೆಲ್ಲ ಟಿಕ್ ಟಿಕ್ ಅನ್ನುತ್ತಿತ್ತು. ಅಣುಬೋಧನೆಯ ವಾರ, ಅಂದರೆ ಜೊತೆಯವರನ್ನೇ ಮಕ್ಕಳೆಂದು ಕೂರಿಸಿ ಪುಟ್ಟ ಪಾಠ ಮಾಡುವ ಅಭ್ಯಾಸ. ಒಬ್ಬರಿಗೆ ಒಂದೇ ಕೌಶಲ, ಅವಳ ಪಾಲಿಗೆ ವಿವರಿಸುವ ಕೌಶಲ. ಆರು ನಿಮಿಷ ಪಾಠ, ಅದರ ತಪ್ಪುಒಪ್ಪು ಹೇಳುವ ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಹೊಸ ಯೋಜನೆ, ಬೇರೆ ಆರು ಮಂದಿಗೆ ಆರು ನಿಮಿಷ ಮರುಪಾಠ, ಮತ್ತೆ ಆರು ನಿಮಿಷ ಹಿಮ್ಮಾಹಿತಿ. ಮೂವತ್ತಾರು ನಿಮಿಷಕ್ಕೆ ಒಂದು ಸುತ್ತು. ಆಮೇಲೆ ಎರಡೂ ಪಾಠಗಳಿಗೆ ವೀಕ್ಷಕ ತುಂಬಿದ ಹಾಳೆಗಳು ಕಡತಕ್ಕೆ ಸೇರುತ್ತವೆ.

ಶುಕ್ರವಾರ ಗುಲಬರ್ಗಾದಿಂದ ಪರೀಕ್ಷಕರು ಬರುವವರಿದ್ದರು. ಅವರ ಮುಂದೆ ಪ್ರದರ್ಶನ ಪಾಠ ಮಾಡಲು ಇಡೀ ತರಗತಿಯಿಂದ ಒಬ್ಬರನ್ನು ಆರಿಸಬೇಕು. ಮಾನ್ವಿಯ ಒಂದು ಹೊಸ ಹೈಸ್ಕೂಲಿನ ಹೆಡ್‌ಮಾಸ್ತರರೂ ಬಂದು ಹಿಂದೆ ಕೂಡುತ್ತಾರೆ, ಅವರಿಗೆ ವಿಜ್ಞಾನದ ಟೀಚರ್ ಬೇಕಾಗಿದ್ದಾರೆ ಎಂಬ ಸುದ್ದಿ ಹಾಸ್ಟೆಲಿನ ಅಡುಗೆಯವರಿಗೂ ಗೊತ್ತಿತ್ತು. ಮಾನಮ್ಮನಿಗೆ ಆ ಕೆಲಸ ಬೇಕಿತ್ತು. ಆಕೆ ದೇವದುರ್ಗ ತಾಲೂಕಿನ ಜಾಲಹಳ್ಳಿಯವಳು. ತಾಯಿ ತಿಮ್ಮವ್ವ ಹತ್ತಿ ಬಿಡಿಸಲು ಹೋಗುವಾಕೆ. ಅವರ ಓಣಿಯಲ್ಲಿ ಡಿಗ್ರಿ ಮುಗಿಸಿದ ಹೆಣ್ಣುಮಗಳು ಇವಳೊಬ್ಬಳೇ. ಆ ದಿನ ಮುಂಜಾನೆ ಮೊದಲ ಬಸ್ಸಿಗೆ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು. ಕಂಡಕ್ಟರ್ ನಬೀಸಾಬ್ ಗಡಿಗೆಗೂ ಅರ್ಧ ಟಿಕೆಟ್ ಕೇಳಿದನಂತೆ. ‘ಅದು ಇನ್ನೂ ಸಾಲಿಗಿ ಹೋಗಿಲ್ಲಣ್ಣಾ, ಇವತ್ತೇ ಹೊಂಟದ’ ಅಂದಳಂತೆ.

ಇದೆಲ್ಲ ನನ್ನ ತಲೆಯಲ್ಲಿತ್ತು. ಅದೇ ತಪ್ಪಾಯಿತು.

ಹಾಳೆಯಲ್ಲಿ ಎರಡು ಭಾಗ. ಮೇಲೆ ಇರಬೇಕಾದದ್ದು: ಆರಂಭದ ವಾಕ್ಯ, ‘ಆದ್ದರಿಂದ’, ‘ಏಕೆಂದರೆ’ಯಂಥ ಜೋಡಿಸುವ ಮಾತುಗಳು, ತಿಳಿಯಿತೇ ಎಂದು ನೋಡುವ ಪ್ರಶ್ನೆ, ಮುಕ್ತಾಯದ ವಾಕ್ಯ. ಕೆಳಗೆ ಇರಬಾರದ್ದು: ಸಂಬಂಧವಿಲ್ಲದ ಮಾತು, ಮಸುಕಾದ ಪದ, ಕೊಂಡಿ ತಪ್ಪುವುದು. ಪಾಠ ನಡೆಯುತ್ತಿರುವಾಗಲೇ ಒಂದೊಂದಕ್ಕೂ ಒಂದೊಂದು ಗೀಟು ಎಳೆಯಬೇಕು. ಪಕ್ಕದಲ್ಲಿ ಸೊನ್ನೆಯಿಂದ ಆರರ ತನಕ ಅಂಕ.

ನಾನು ಗೀಟುಗಳನ್ನು ಸರಿಯಾಗಿಯೇ ಎಳೆದಿದ್ದೆ. ಆಕೆ ಗಡಿಗೆಯನ್ನು ಬಿಟ್ಟು ಅವ್ವನ ಹೊಲ, ಹತ್ತಿ ಬಿಡಿಸುವವರ ಬಾಯಾರಿಕೆ, ಗೌಡರ ಮನೆಯ ಹಿತ್ತಾಳೆ ಕೊಡ ಎಂದೆಲ್ಲ ಅಲೆದಾಡಿದಾಗ ಕೆಳಗಿನ ಭಾಗ ತುಂಬುತ್ತಾ ಹೋಯಿತು. ಗಂಟೆ ಬಾರಿಸಿದ ಮೇಲೆ, ಉಳಿದವರು ನಗುವಾಗ, ರಬ್ಬರ್ ತೆಗೆದು ಎಲ್ಲ ಅಳಿಸಿಬಿಟ್ಟೆ. ಎಲ್ಲಕ್ಕೂ ಐದು, ಆರು ಅಂಕ ಹಾಕಿದೆ. ಉಪಕಾರ ಮಾಡಿದೆನೆಂಬ ಬೆಚ್ಚನೆಯ ಭಾವ ಎದೆಯಲ್ಲಿತ್ತು.

ಮಾನಮ್ಮ ಹಾಳೆ ತೆಗೆದುಕೊಂಡು ಓದಿದಳು. ಮತ್ತೊಮ್ಮೆ ಓದಿದಳು.

‘ಅಲ್ಲಾಉದ್ದೀನಣ್ಣಾ, ಒಂಥರಾ ಅಂತ ನಾ ಎಷ್ಟ್ ಸಲ ಅಂದೆ?’

‘ನೆನಪಿಲ್ರಿ.’

‘ಎಂಟು. ಗಡಿಗಿ ಹಿಂದ ಬೆರಳು ಮಡಿಚಿಕೋತ ಬಂದೀನಿ. ಇಲ್ಲಿ ಸೊನ್ನಿ ಅದ.’

‘ಮೊದಲ ಸಲ ಅಲ್ಲೇನ್ರಿ, ಹೋಗಲಿ ಬಿಡ್ರಿ...’

ಆಕೆ ಕಿಟಕಿಯ ಹತ್ತಿರ ಹೋಗಿ ಹಾಳೆಯನ್ನು ಬೆಳಕಿಗೆ ಹಿಡಿದಳು. ನಾನು ಒತ್ತಿ ಬರೆಯುವವನು. ಸೀಸ ಹೋಗಿತ್ತು, ಗೀಟು ಹೋಗಿರಲಿಲ್ಲ. ಕಾಗದದಲ್ಲಿ ಸಾಲಾಗಿ ತಗ್ಗುಗಳು. ಆಕೆ ಅವನ್ನು ಬೆರಳ ತುದಿಯಿಂದ ಎಣಿಸಿದಳು.

‘ಎಂಟು. ನಿಮ್ಮ ಲೆಕ್ಕ, ನನ್ನ ಲೆಕ್ಕ ಒಂದೇ ಅದ. ಮತ್ತ್ಯಾಕ ಅಳಿಸಿದ್ರಿ?’

ಹುಲಿಗೆಪ್ಪ ಬಾಗಿಲಿನಲ್ಲಿ ನಿಂತು, ‘ಲೇ ಕಲ್ಮಲ, ಕಳ್ಳತನ ಮಾಡಾಕೂ ಬರಂಗಿಲ್ಲಲೇ ನಿನಗ’ ಅಂದ. ಕಲ್ಮಲ ನನ್ನ ಊರು.

‘ನಿಮಗ ಒಳ್ಳೇದಾಗಲಿ ಅಂತ...’

‘ನನಗ ಒಳ್ಳೇದು?’ ಮಾನಮ್ಮ ದನಿ ಏರಿಸಲಿಲ್ಲ. ‘ಈಗ ಹನ್ನೆರಡು ನಿಮಿಷ ಕೊಡ್ತೀರಿ. ಕುಂತು ಏನು ತಿದ್ದಲಿ? ಎಲ್ಲಾ ಚಲೋ ಅದ ಅಂತ ಬರದೀರಿ. ಹುಲಿಗೆಪ್ಪಣ್ಣನ ಹಾಳ್ಯಾಗ ನಿನ್ನೆ ಹದಿನಾಲ್ಕು ಗೀಟು ಎಳದ್ರಿ. ಒಂದೂ ಅಳಿಸಲಿಲ್ಲ.’

‘ಅಂವ ತಡಕೋತಾನ್ರಿ.’

‘ನಾ?’

ಅವಳನ್ನು ನಾನು ಟೀಚರ್ ಎಂದು ನೋಡಿರಲಿಲ್ಲ. ಬಡವರ ಮಗಳು ಎಂದು ನೋಡಿದ್ದೆ. ಪುಸ್ತಕಗಳಲ್ಲಿ ಓದಿದ ದೊಡ್ಡ ಮನಸ್ಸಿನವರ ಹಾಗೆ ನಾನೂ ಒಬ್ಬ ಎಂದುಕೊಂಡಿದ್ದೆ. ಅಲ್ಲಿ ಆ ಬಿಸಿ ಕೋಣೆಯಲ್ಲಿ ಆ ಹಾಳೆಯ ಹಾಗೆ ನನ್ನ ಎದೆಯನ್ನೂ ಬೆಳಕಿಗೆ ಹಿಡಿದಂತಾಯಿತು.

‘ಗಡಿಯಾರ ನೋಡ್ರಿ. ಇನ್ನೂ ಮೂರು ನಿಮಿಷ ಅದ’ ಅಂದಳು. ‘ಬರೀರಿ.’

ಬರೆದೆ. ಹಳೆಯ ತಗ್ಗಿನಲ್ಲೇ ಪೆನ್ಸಿಲ್ ಇಟ್ಟು ಒಂದೊಂದೇ ಗೀಟನ್ನು ಮತ್ತೆ ಎಳೆದೆ. ಮಸುಕಾದ ಪದ ಎಂಟು. ಸಂಬಂಧವಿಲ್ಲದ ಮಾತು ಐದು. ಜೋಡಿಸುವ ಮಾತು ಎರಡು. ಆರಂಭದ ವಾಕ್ಯ ಇಲ್ಲ, ಮುಕ್ತಾಯ ಇಲ್ಲ, ಪ್ರಶ್ನೆ ಇಲ್ಲ. ಅಂಕಗಳನ್ನು ಹೊಡೆದು ಸೊನ್ನೆ, ಒಂದು, ಎರಡು ಎಂದು ಬರೆದೆ. ಆಕೆ ಪಕ್ಕದಲ್ಲಿ ನಿಂತು, ಬಿಡಿಸಿದ ಹತ್ತಿ ತೂಗುವಾಗ ತಕ್ಕಡಿ ಮುಳ್ಳನ್ನು ನೋಡುವವರ ಹಾಗೆ, ರೆಪ್ಪೆ ಹೊಡೆಯದೆ ನೋಡಿದಳು.

‘ಅವ್ವನ ಹೊಲದ ಮಾತು ತೆಗೀಬೇಕೇನು?’ ಈಗ ಅವಳ ದನಿಯಲ್ಲಿ ಮೊದಲ ಬಾರಿ ಅಳುಕಿತ್ತು.

‘ತೆಗೀಬ್ಯಾಡ್ರಿ’ ಅಂದೆ. ‘ಅದು ಯಾಕ ಬಂತು ಅಂತ ಹೇಳಲಿಲ್ಲ ನೀವು. ಅದಕ್ಕ ಗೀಟು ಬಿತ್ತು.’

ಆಕೆ ನನ್ನನ್ನು ನೋಡಿದಳು. ‘ಇದು ಹಿಮ್ಮಾಹಿತಿ’ ಅಂದು, ಹಾಳೆ ಎತ್ತಿಕೊಂಡು ಬೇವಿನ ಗಿಡದ ಕೆಳಗೆ ಹೋಗಿ ಕೂತಳು.

ಹನ್ನೆರಡು ನಿಮಿಷ. ಕಿಟಕಿಯಿಂದ ನೋಡುತ್ತಿದ್ದೆ. ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಹೆಚ್ಚು. ಒಮ್ಮೆ ಎದ್ದು ಬಂದು ಗಡಿಗೆಯ ಹೊರಮೈ ಮುಟ್ಟಿ ನೋಡಿ, ಬೆರಳಿನ ತೇವವನ್ನು ಕೆನ್ನೆಗೆ ಒತ್ತಿಕೊಂಡು ಮರಳಿ ಹೋದಳು.

ಪಕ್ಕದ ಕೋಣೆಯಿಂದ ಬೇರೆ ಆರು ಮಂದಿ ಬಂದು ಕೂತರು. ವೆಂಕೋಬ ಸರ್ ಕೂಡ ಬಂದು ಹಿಂದಿನ ಗೋಡೆಗೆ ಒರಗಿ ನಿಂತರು. ಪ್ರದರ್ಶನ ಪಾಠಕ್ಕೆ ಆರಿಸುವವರು ಅವರೇ. ಗಂಟೆ ಬಾರಿಸಿದೆ.

‘ಇವತ್ತು ಒಂದೇ ಪ್ರಶ್ನೆ. ಮಣ್ಣಿನ ಗಡಿಗೆಯಲ್ಲಿಟ್ಟ ನೀರು ಏಕೆ ತಣ್ಣಗಾಗುತ್ತದೆ?’

ಆರಂಭದ ವಾಕ್ಯ. ಗೀಟು.

‘ಗಡಿಗೆಯ ಮೈಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ಆದ್ದರಿಂದ ಒಳಗಿನ ನೀರು ಹೊರಗೆ ಜಿನುಗುತ್ತದೆ. ಕುಬ್ರಾ ಬೇಗಂ, ಬಾ, ಮುಟ್ಟಿ ನೋಡು.’ ಕುಬ್ರಾ ಬೇಗಂ ಬಂದು ಮುಟ್ಟಿ, ಒದ್ದೆ ಅಂಗೈಯನ್ನು ಎಲ್ಲರಿಗೂ ತೋರಿಸಿದಳು. ‘ಜಿನುಗಿದ ನೀರು ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಗಡಿಗೆಯಿಂದಲೂ ಒಳಗಿನ ನೀರಿನಿಂದಲೂ ತೆಗೆದುಕೊಳ್ಳುತ್ತದೆ. ಶಾಖ ಹೊರಟುಹೋದ ಕಾರಣ ಉಳಿದ ನೀರು ತಣ್ಣಗಾಗುತ್ತದೆ.’

ಗೀಟು, ಗೀಟು. ನನ್ನ ಪೆನ್ಸಿಲ್ ಅವಳ ಹಿಂದೆ ಓಡುತ್ತಿತ್ತು.

‘ನಮ್ಮವ್ವ ಹತ್ತಿ ಹೊಲಕ್ಕೆ ಗಡಿಗೆ ಒಯ್ಯುತ್ತಾಳೆ.’ ಪೆನ್ಸಿಲ್ ಕೆಳಗಿನ ಭಾಗಕ್ಕೆ ಇಳಿಯಿತು. ಆಕೆ ನನ್ನ ಕೈಯನ್ನೇ ನೋಡಿ ಮುಂದುವರಿದಳು. ‘ಅದಕ್ಕೆ ಹಸಿ ಗೋಣಿ ಸುತ್ತಿ ಗಾಳಿ ಆಡುವ ನೆರಳಿನಲ್ಲಿ ಇಡುತ್ತಾಳೆ. ಏಕೆಂದರೆ ಗೋಣಿಯ ನೀರೂ ಆವಿಯಾಗುತ್ತದೆ. ಗಾಳಿ ಬೀಸಿದಷ್ಟೂ ಬೇಗ ಆವಿಯಾಗುತ್ತದೆ, ಆದ್ದರಿಂದ ಇನ್ನಷ್ಟು ಶಾಖ ಹೋಗುತ್ತದೆ. ಅವಳು ಸಾಲೆಗೆ ಹೋದವಳಲ್ಲ. ಆದರೆ ಒಂಥರಾ...’

ನಿಂತಳು. ನನ್ನ ಕಡೆ ತಿರುಗಿ ಕಾದಳು. ನಾನು ಎಲ್ಲರಿಗೂ ಕಾಣುವ ಹಾಗೆ ಒಂದು ಗೀಟು ಎಳೆದೆ. ಆಕೆ ತಲೆ ಆಡಿಸಿದಳು.

‘ಆದರೆ ಅವಳು ಮಾಡುವುದು ಇದನ್ನೇ. ಈಗ ಹೇಳಿರಿ, ಈ ಗಡಿಗೆಯ ಹೊರಗೆಲ್ಲ ಎಣ್ಣೆಬಣ್ಣ ಬಳಿದರೆ?’

‘ತಣ್ಣಗಾಗಂಗಿಲ್ರಿ ಟೀಚರ್’ ಕುಬ್ರಾ ಬೇಗಂ ನಿಜವಾದ ಎಂಟನೆಯ ತರಗತಿಯವಳಂತೆ ಜಿಗಿದಳು. ‘ತೂತು ಮುಚ್ಚತಾವಲ್ರಿ!’

‘ಹಾಗಾದರೆ ನೀರನ್ನು ತಣ್ಣಗೆ ಮಾಡುವುದು ಬರೀ ಮಣ್ಣಲ್ಲ. ಮಣ್ಣಿನೊಳಗಿಂದ ಜಿನುಗಿ ಆವಿಯಾಗಿ ಹೋಗುವ ನೀರು.’

ಗಂಟೆ ಬಾರಿಸುವಾಗ ಅವಳು ಆಗಲೇ ಸುಣ್ಣದ ಕಡ್ಡಿ ಕೆಳಗಿಟ್ಟಿದ್ದಳು.

ಜೋಡಿಸುವ ಮಾತು ಒಂಬತ್ತು. ಸಂಬಂಧವಿಲ್ಲದ್ದು ಸೊನ್ನೆ. ಮಸುಕಾದ ಪದ ಒಂದು. ಅದಕ್ಕೆ ಐದು ಅಂಕ, ಉಳಿದ ಎಲ್ಲಕ್ಕೂ ಆರು. ಇಷ್ಟು ಹೆಮ್ಮೆಯಿಂದ ನಾನು ಯಾವ ಹಾಳೆಗೂ ಸಹಿ ಹಾಕಿರಲಿಲ್ಲ. ಬಾಗಿಲಿನಲ್ಲಿದ್ದ ಹುಲಿಗೆಪ್ಪ ಒಳಗೆ ಬಂದು ಗಡಿಗೆಯಿಂದ ಒಂದು ಲೋಟ ನೀರು ಕುಡಿದು, ‘ಖರೇನೇ ತಣ್ಣಗದಾವ್ರಿ ಟೀಚರ್’ ಅಂದ.

ವೆಂಕೋಬ ಸರ್ ಎರಡೂ ಹಾಳೆ ತರಿಸಿ ನೋಡಿದರು. ‘ಶುಕ್ರವಾರದ ಪಾಠ ನಿಂದೇ ನೋಡವ್ವಾ’ ಅಂದರು. ಮಾನಮ್ಮ ಮೇಜಿನ ಅಂಚು ಹಿಡಿದುಕೊಂಡಳು.

ಸರ್ ಮೊದಲನೆಯ ಹಾಳೆಯನ್ನು ಬೇರೆ ತೆಗೆದರು. ಅಳಿಸಿ, ಮತ್ತೆ ಬರೆದು, ಅಂಕ ಹೊಡೆದು, ಅದು ಕೊಳೆಯಾಗಿತ್ತು. ಕಪಾಟಿನಿಂದ ಖಾಲಿ ಹಾಳೆಯೊಂದನ್ನು ತಂದು ನನ್ನ ಮುಂದಿಟ್ಟರು.

‘ಅಲ್ಲಾಉದ್ದೀನ್, ಮೊದಲನೇದು ಇದರಾಗ ಚಂದಾಗಿ ಬರಕೊಡು. ಮೂರು, ನಾಲ್ಕು ಅಂಕ ಹಾಕು, ಸಾಕು. ಪರೀಕ್ಷಕರು ಕಡತ ತಗದ್ರ ಸೊನ್ನಿ ಕಾಣೋದು ಬ್ಯಾಡ. ಮಾನ್ವಿಯವ್ರೂ ನೋಡತಾರ.’

ನಾನು ಪೆನ್ಸಿಲ್ ಮುಟ್ಟಲಿಲ್ಲ. ಮಾನಮ್ಮ ಕೊಳೆಯಾದ ಹಾಳೆಯನ್ನು ಸರ್ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಎರಡನೆಯ ಹಾಳೆಯ ಮೇಲೆ ಅದನ್ನಿಟ್ಟು, ಅಂಚು ಸರಿಮಾಡಿ, ಎರಡನ್ನೂ ಸೇರಿಸಿ ಕಡತದ ದಾರ ಪೋಣಿಸಿ ಗಂಟು ಹಾಕಿದಳು.

‘ನೋಡವ್ವಾ, ಅವ್ರು ನಂಬರು ಕಡಿಮಿ ಮಾಡಿದ್ರ ನನ್ನ ಕೈಯಾಗ ಏನೂ ಇಲ್ಲ’ ಅಂದರು ಸರ್, ಖಾಲಿ ಹಾಳೆಯನ್ನು ಅವಳ ಕಡೆಗೇ ಸರಿಸುತ್ತಾ. ‘ಕೆಲಸದ ಪ್ರಶ್ನಿ ಅದ. ತಗೋ.’

‘ಬ್ಯಾಡ್ರಿ ಸರ್.’